ಪೊಟ್ಟಣದ ಹುಳಿ ನಿಂಬೆಯದಲ್ಲ, ಬೂಷ್ಟಿನದು

ಈರುಳ್ಳಿ ಸುಲಿಯುವಾಗ ಹೊರಸಿಪ್ಪೆಯ ಕೆಳಗೆ ಕೆಲವೊಮ್ಮೆ ಮಸಿಯಂಥ ಕಪ್ಪು ಪುಡಿ ಕಾಣಿಸುತ್ತದೆ. ಕೈಗೆ ಅಂಟುತ್ತದೆ, ತೊಳೆದರೆ ಹೋಗುತ್ತದೆ. ಸಾಮಾನ್ಯವಾಗಿ ಅದು ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು. ಕಪ್ಪಗೆ ಕಾಣುವುದು ಅದರ ಬೀಜಕಣಗಳು. ಇದೇ ಜಾತಿಯ ಬೂಷ್ಟನ್ನು ಜಗತ್ತಿನ ದೊಡ್ಡ ಕಾರ್ಖಾನೆಗಳು ಉಕ್ಕಿನ ತೊಟ್ಟಿಗಳಲ್ಲಿ ಸಾಕುತ್ತವೆ. ಜ್ಯಾಮ್, ಟೊಮೆಟೊ ಕೆಚಪ್, ಹಣ್ಣಿನ ಪಾನೀಯ, ಹುಳಿ ಮಿಠಾಯಿ, ಶರಬತ್ತಿನ ಪುಡಿಗಳಿಗೆ ಹುಳಿ ಕೊಡುವ ಸಿಟ್ರಿಕ್ ಆಮ್ಲ ಹುಟ್ಟುವುದು ಅಲ್ಲಿ.

ಅಂಗಡಿಯಲ್ಲಿ ಇದನ್ನೇ ನಿಂಬೆ ಉಪ್ಪು ಎಂದು ಮಾರುತ್ತಾರೆ. ಪನೀರ್ ಮಾಡುವವರು ಹಾಲು ಒಡೆಯಲು ಒಂದು ಚಿಟಿಕೆ ಹಾಕುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ ‘ಆಮ್ಲೀಯತೆ ನಿಯಂತ್ರಕ 330’ ಎಂದು ಬರೆದಿದ್ದರೆ ಅದೂ ಇದೇ. ಹೆಸರಿನಲ್ಲಿ ನಿಂಬೆಯಿದೆ, ಎಷ್ಟೋ ಪೊಟ್ಟಣಗಳ ಮುಂಬದಿಯಲ್ಲಿ ಹೋಳು ಮಾಡಿದ ನಿಂಬೆಯ ಚಿತ್ರವೂ ಇರುತ್ತದೆ. ಹಾಗಾಗಿ ಎಲ್ಲೋ ಒಂದು ಕಡೆ ಲಾರಿಗಟ್ಟಲೆ ನಿಂಬೆ ಹಿಂಡಿ, ರಸ ಬತ್ತಿಸಿ, ಹರಳು ಮಾಡುತ್ತಾರೆಂದು ಗ್ರಾಹಕರು ಅಂದುಕೊಂಡರೆ ಅದು ಸಹಜ. ಒಂದು ಕಾಲದಲ್ಲಿ ಹಾಗೆಯೇ ಮಾಡುತ್ತಿದ್ದರು. ಆದರೆ ಆ ಕಾಲ ಮುಗಿದು ನೂರು ವರ್ಷಗಳೇ ಆಗುತ್ತಾ ಬಂದಿವೆ. ಇಂದು ಆಹಾರೋದ್ಯಮ ಬಳಸುವ ಸಿಟ್ರಿಕ್ ಆಮ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಸಕ್ಕರೆಯಿಂದ, ಬೂಷ್ಟಿನ ಮೂಲಕ ಬರುತ್ತದೆ. ಕೆಲವು ಕಡೆ ಬೂಷ್ಟಿನ ಬದಲು ಯೀಸ್ಟ್ ಬಳಸುವುದುಂಟು, ಅದರ ಪಾಲು ಚಿಕ್ಕದು.

ನಿಂಬೆಯಿಂದ ಏಕೆ ತೆಗೆಯುವುದಿಲ್ಲ ಎಂಬುದು ಒಂದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ಒಂದು ಲೀಟರ್ ನಿಂಬೆರಸದಲ್ಲಿ ಸುಮಾರು 45ರಿಂದ 50 ಗ್ರಾಂ ಸಿಟ್ರಿಕ್ ಆಮ್ಲ ಇರುತ್ತದೆ. ನಮ್ಮ ಸಣ್ಣ ನಿಂಬೆಹಣ್ಣೊಂದನ್ನು ಚೆನ್ನಾಗಿ ಹಿಂಡಿದರೆ ಸಿಗುವುದು ಅಂದಾಜು 20 ಮಿಲಿಲೀಟರ್ ರಸ, ಅಂದರೆ ಹಣ್ಣಿಗೆ ಸುಮಾರು ಒಂದು ಗ್ರಾಂ ಆಮ್ಲ. ಒಂದು ಕಿಲೋ ಆಮ್ಲ ಬೇಕಾದರೆ ಸಾವಿರ ಹಣ್ಣು ಹಿಂಡಬೇಕು. ಜಗತ್ತು ವರ್ಷಕ್ಕೆ 20 ಲಕ್ಷ ಟನ್‌ಗೂ ಹೆಚ್ಚು ಸಿಟ್ರಿಕ್ ಆಮ್ಲ ತಯಾರಿಸುತ್ತದೆ. ಅದರಲ್ಲಿ ಬಹುಪಾಲು ಆಹಾರ ಮತ್ತು ಪಾನೀಯಕ್ಕೆ, ಉಳಿದದ್ದು ಔಷಧ, ಸೋಪಿನ ಪುಡಿ, ಸೌಂದರ್ಯವರ್ಧಕಗಳಿಗೆ ಹೋಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ನಿಂಬೆಗೆ ಹೆಸರಾದ ಸೀಮೆ. ಅಲ್ಲಿನ ಹಣ್ಣು ಮಾರುಕಟ್ಟೆಗೆ, ಅಡುಗೆಗೆ, ಉಪ್ಪಿನಕಾಯಿಗೆ ಹೋದರೆ ಸಿಗುವ ಬೆಲೆಯಲ್ಲಿ ಆಮ್ಲ ತೆಗೆಯಲು ಹೊರಟರೆ, ಒಂದು ಕಿಲೋ ಹರಳಿಗೆ ಸಾವಿರ ಹಣ್ಣಿನ ದುಡ್ಡು ಸುರಿಯಬೇಕಾಗುತ್ತದೆ. ಅಷ್ಟು ದುಬಾರಿ ಹುಳಿಯನ್ನು ಯಾವ ಮಿಠಾಯಿ ಕಂಪನಿಯೂ ಕೊಳ್ಳಲಾರದು.

ನಿಂಬೆರಸದಿಂದ ಈ ಆಮ್ಲವನ್ನು ಮೊದಲು ಹರಳಿನ ರೂಪದಲ್ಲಿ ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ. ಅದು 1784. ರಸವನ್ನು ಬರೀ ಕುದಿಸಿ ಬತ್ತಿಸಿದರೆ ಅಂಟುಅಂಟಾದ ಪಾಕ ಸಿಗುತ್ತದೆ, ಹರಳು ಕಟ್ಟುವುದಿಲ್ಲ, ಏಕೆಂದರೆ ಸಕ್ಕರೆ, ಅಂಟು, ಬಣ್ಣಗಳೆಲ್ಲ ಜೊತೆಗೇ ಉಳಿದುಬಿಡುತ್ತವೆ. ಶೀಲೆ ಬಿಸಿ ರಸಕ್ಕೆ ಸೀಮೆಸುಣ್ಣ ಬೆರೆಸಿದ. ಸುಣ್ಣದಲ್ಲಿನ ಕ್ಯಾಲ್ಸಿಯಂ ಆಮ್ಲವನ್ನು ಹಿಡಿದುಕೊಂಡು, ನೀರಿನಲ್ಲಿ ಕರಗದ ಬಿಳಿ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ತಳಕ್ಕೆ ಕುಳಿತಿತು. ಮೇಲಿನ ನೀರನ್ನು ಬಸಿದು ಆ ಬಿಳಿ ಗಸಿಗೆ ಗಂಧಕಾಮ್ಲ ಹಾಕಿದಾಗ ಕ್ಯಾಲ್ಸಿಯಂ ಗಂಧಕಾಮ್ಲದ ಜೊತೆ ಸೇರಿ ಜಿಪ್ಸಮ್ ಆಯಿತು, ಸಿಟ್ರಿಕ್ ಆಮ್ಲ ಮತ್ತೆ ಬಿಡುಗಡೆಯಾಗಿ ನೀರಿಗೆ ಬಂತು. ಜಿಪ್ಸಮ್ ಸೋಸಿ ನೀರು ಇಂಗಿಸಿದರೆ ಶುದ್ಧ ಹರಳು. ಈ ಎರಡು ಹೆಜ್ಜೆಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಕಾರ್ಖಾನೆಯೊಳಗೆ ಹೋದಾಗ ಇವು ಮತ್ತೆ ಎದುರಾಗುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದು ದೊಡ್ಡ ವ್ಯಾಪಾರವಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಮತ್ತು ಎಡ್ಮಂಡ್ ಸ್ಟರ್ಜ್ ಸಹೋದರರು 1826ರಲ್ಲಿ ಉತ್ಪಾದನೆ ಶುರುಮಾಡಿದರು. ಕಚ್ಚಾ ಮಾಲು ಬರುತ್ತಿದ್ದುದು ಇಟಲಿಯಿಂದ, ಮುಖ್ಯವಾಗಿ ಸಿಸಿಲಿ ದ್ವೀಪದಿಂದ. ಅಲ್ಲಿ ನಿಂಬೆ ಹಿಂಡಿ ಸುಣ್ಣ ಬೆರೆಸಿ ಮಾಡಿದ ಕ್ಯಾಲ್ಸಿಯಂ ಸಿಟ್ರೇಟ್ ಹಡಗೇರುತ್ತಿತ್ತು. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಫೈಜರ್ ಕಂಪನಿ 1880ರಲ್ಲಿ ಇದೇ ಇಟಲಿಯ ಮಾಲಿನಿಂದ ಸಿಟ್ರಿಕ್ ಆಮ್ಲ ಮಾಡತೊಡಗಿತು. ಸೋಡಾ ಮತ್ತು ತಂಪು ಪಾನೀಯಗಳ ರುಚಿ ಜನರಿಗೆ ಹತ್ತುತ್ತಿದ್ದ ಕಾಲ ಅದು, ಬೇಡಿಕೆ ಏರುತ್ತಲೇ ಇತ್ತು. ಜಗತ್ತಿನ ಹುಳಿಯೆಲ್ಲ ಒಂದೇ ದೇಶದ ತೋಟಗಳನ್ನು ನೆಚ್ಚಿಕೊಂಡಿತ್ತು. ಮಳೆ ಕೈಕೊಟ್ಟರೆ, ಮರಕ್ಕೆ ರೋಗ ಬಂದರೆ, ಹಡಗು ನಿಂತರೆ ಬೆಲೆ ಗಗನಕ್ಕೇರುತ್ತಿತ್ತು. ಮೊದಲ ಮಹಾಯುದ್ಧ ಬಂದಾಗ ಆದದ್ದು ಇದೇ.

ಬೂಷ್ಟು ಸಿಟ್ರಿಕ್ ಆಮ್ಲ ಮಾಡಬಲ್ಲದು ಎಂಬ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಜರ್ಮನಿಯ ಕಾರ್ಲ್ ವೆಹ್ಮರ್ 1893ರಲ್ಲಿ, ಸಕ್ಕರೆ ನೀರಿನ ಮೇಲೆ ಬೆಳೆದ ಪೆನಿಸಿಲಿಯಂ ಜಾತಿಯ ಬೂಷ್ಟು ಆ ಆಮ್ಲವನ್ನು ಹೊರಹಾಕುವುದನ್ನು ತೋರಿಸಿದ್ದರು. ಅದನ್ನು ಉದ್ಯಮವಾಗಿಸುವ ಪ್ರಯತ್ನಗಳು ಮಾತ್ರ ಸೋತವು. ಸಿಹಿನೀರನ್ನು ದಿನಗಟ್ಟಲೆ ತೆರೆದಿಟ್ಟರೆ ಅದಕ್ಕೆ ಬೇಕಾದ ಒಂದೇ ಬೂಷ್ಟು ಬಂದು ಕೂರುವುದಿಲ್ಲ, ಗಾಳಿಯಲ್ಲಿರುವ ಹತ್ತಾರು ಬ್ಯಾಕ್ಟೀರಿಯಾ, ಯೀಸ್ಟುಗಳೂ ಊಟಕ್ಕೆ ಬರುತ್ತವೆ. ಸಕ್ಕರೆ ಹಾಳು, ಆಮ್ಲವೂ ಇಲ್ಲ.

ಈ ಗಂಟನ್ನು ಬಿಡಿಸಿದವರು ಅಮೆರಿಕದ ಆಹಾರ ರಸಾಯನಜ್ಞ ಜೇಮ್ಸ್ ಕರಿ. ಅವರು ಅಲ್ಲಿನ ಕೃಷಿ ಇಲಾಖೆಯಲ್ಲಿ ಚೀಸ್‌ನ ಬೂಷ್ಟುಗಳ ಮೇಲೆ ಕೆಲಸ ಮಾಡುತ್ತಿದ್ದವರು. ಆಸ್ಪರ್ಜಿಲಸ್ ನೈಜರ್ ಆಕ್ಸಾಲಿಕ್ ಆಮ್ಲ ಮಾಡುತ್ತದೆಂದು ಆಗ ಎಲ್ಲರಿಗೂ ಗೊತ್ತಿತ್ತು. ಆಕ್ಸಾಲಿಕ್ ಆಮ್ಲ ವಿಷ, ಆಹಾರಕ್ಕೆ ಕೆಲಸಕ್ಕೆ ಬಾರದು. ಕರಿ ಗಮನಿಸಿದ್ದು ಬೇರೆಯೇ ಸಂಗತಿ. ಈ ಬೂಷ್ಟು ಬಹಳ ಹುಳಿಯಾದ ನೀರಿನಲ್ಲೂ ಸುಖವಾಗಿ ಬೆಳೆಯುತ್ತದೆ. ಹುಳಿ ಹೆಚ್ಚಿಸಿ, ಸಕ್ಕರೆ ಧಾರಾಳವಾಗಿ ಕೊಟ್ಟು, ಉಳಿದ ಪೋಷಕಾಂಶಗಳಲ್ಲಿ ಜಿಪುಣತನ ತೋರಿಸಿದರೆ ಅದು ಆಕ್ಸಾಲಿಕ್ ಬಿಟ್ಟು ಸಿಟ್ರಿಕ್ ಆಮ್ಲವನ್ನು ಸುರಿಸುತ್ತದೆ. ಪಿಎಚ್ 2.5ರಿಂದ 3.5ರ ನಡುವಿನ ಆ ಹುಳಿಯಲ್ಲಿ ಬಹುತೇಕ ಬ್ಯಾಕ್ಟೀರಿಯಾಗಳು ಬದುಕಲಾರವು. ವೆಹ್ಮರ್ ಅವರನ್ನು ಸೋಲಿಸಿದ್ದ ಕಲಬೆರಕೆಯ ಕಾಟವೂ ಇದರಿಂದಲೇ ಬಹುಪಾಲು ತಪ್ಪಿತು. ಒಂದೇ ಬದಲಾವಣೆ ಎರಡು ತೊಂದರೆಗಳನ್ನು ನೀಗಿಸಿತ್ತು. ಕರಿ ಅವರ ಲೇಖನ 1917ರಲ್ಲಿ ಪ್ರಕಟವಾಯಿತು, ಅದೇ ವರ್ಷ ಅವರು ಫೈಜರ್ ಸೇರಿದರು. ಅಲ್ಲಿ 1919ರಿಂದ ಸಕ್ಕರೆಯನ್ನು ಸಿಟ್ರಿಕ್ ಆಮ್ಲವಾಗಿಸುವ ಕೆಲಸ ಆರಂಭವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಲ್ಜಿಯಂನಲ್ಲೂ ಕಾರ್ಖಾನೆ ಎದ್ದಿತು. ಮುಂದಿನ ದಶಕದಲ್ಲಿ ಇಟಲಿಯ ಏಕಸ್ವಾಮ್ಯ ಕುಸಿಯಿತು.

ಮೊದಲ ಕಾರ್ಖಾನೆಗಳು ನೋಡಲು ದೊಡ್ಡ ಬೇಕರಿಗಳ ಹಾಗಿದ್ದಿರಬೇಕು. ಕೋಣೆಯ ತುಂಬ ಹಂತಹಂತವಾಗಿ ಜೋಡಿಸಿದ ಅಗಲವಾದ ಲೋಹದ ತಟ್ಟೆಗಳು, ಅದರಲ್ಲಿ ಕೆಲವೇ ಇಂಚು ಆಳದ ಸಿಹಿನೀರು, ಮೇಲೆ ಬಿಳಿ ಕಂಬಳಿಯಂತೆ ಹರಡಿಕೊಂಡ ಬೂಷ್ಟು. ಬೂಷ್ಟಿಗೆ ಗಾಳಿ ಬೇಕು, ಹಾಗಾಗಿ ಅದು ಮೇಲ್ಮೈಯಲ್ಲೇ ಇರಬೇಕು ಎಂಬ ನಂಬಿಕೆ ಆಗ ಇತ್ತು. ಒಂದು ತಂಡ ಮಾಗಲು ಎಂಟರಿಂದ ಹದಿನೈದು ದಿನ ಹಿಡಿಯುತ್ತಿತ್ತು. ಆಮೇಲೆ ಆಳವಾದ ಮುಚ್ಚಿದ ತೊಟ್ಟಿಯಲ್ಲಿ ಕೆಳಗಿನಿಂದ ಗಾಳಿ ಊದಿ ಬೂಷ್ಟನ್ನು ನೀರಿನೊಳಗೇ ಬೆಳೆಸುವ ಕ್ರಮ ಬಂತು. ಎರಡನೆಯ ಮಹಾಯುದ್ಧದಲ್ಲಿ ಪೆನಿಸಿಲಿನ್‌ಗೆ ಜಗತ್ತು ಕಾತರಿಸಿದಾಗ, ಬೂಷ್ಟನ್ನು ದೊಡ್ಡ ಪ್ರಮಾಣದಲ್ಲಿ ಸಾಕಿ ಗೊತ್ತಿದ್ದ ಫೈಜರ್ 1944ರ ಮಾರ್ಚ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಆಳ ತೊಟ್ಟಿಗಳ ಪೆನಿಸಿಲಿನ್ ಘಟಕ ತೆರೆಯಿತು. ಪಾನೀಯದ ಹುಳಿಗಾಗಿ ಕಲಿತ ಕೈಚಳಕ ಗಾಯಾಳುಗಳ ಜೀವ ಉಳಿಸಿದ ಈ ಸಂಗತಿಗೆ ಇನ್ನಷ್ಟು ಪ್ರಚಾರ ಸಿಗಬೇಕಿತ್ತು.

ಈಗ ಒಂದು ತೊಟ್ಟಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ನೋಡೋಣ. ಒಂದು ಲಕ್ಷ ಲೀಟರ್ ಹಿಡಿಯುವ ತೊಟ್ಟಿಯೆಂದು ಇಟ್ಟುಕೊಳ್ಳೋಣ. ಅದಕ್ಕೆ ನೀರು ಮತ್ತು ಸಕ್ಕರೆ ತುಂಬುತ್ತಾರೆ. ಸಕ್ಕರೆ ಎಂದರೆ ಅಂಗಡಿಯ ಬಿಳಿ ಸಕ್ಕರೆಯೇ ಆಗಬೇಕಿಲ್ಲ. ಕಬ್ಬಿನ ಕಾಕಂಬಿ, ಬೀಟ್ ಕಾಕಂಬಿ, ಮುಸುಕಿನ ಜೋಳದ ಪಿಷ್ಟವನ್ನು ಒಡೆದು ಮಾಡಿದ ಗ್ಲೂಕೋಸ್, ಯಾವುದು ಅಗ್ಗವೋ ಅದು. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಸಿಟ್ರಿಕ್ ಆಮ್ಲ ತಯಾರಿಸುವ ಚೀನಾದಲ್ಲಿ ಮುಸುಕಿನ ಜೋಳವೇ ಮುಖ್ಯ. ಸಕ್ಕರೆಯ ಪ್ರಮಾಣ ಶೇಕಡಾ 15ರ ಆಸುಪಾಸು, ನಮ್ಮ ತೊಟ್ಟಿಗೆ ಅದು 15 ಟನ್. ಜೊತೆಗೆ ಸ್ವಲ್ಪ ಸಾರಜನಕದ ಲವಣ, ಸ್ವಲ್ಪ ರಂಜಕ. ಎಲ್ಲವನ್ನೂ ಹಬೆಯಿಂದ ಕಾಯಿಸಿ ಕ್ರಿಮಿಶುದ್ಧ ಮಾಡಿ, 30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲಿಗೆ ತಣಿಸಿ, ಬೂಷ್ಟಿನ ಬೀಜಕಣಗಳನ್ನು ಬಿಡುತ್ತಾರೆ. ಆಮೇಲೆ ಕೆಳಗಿನಿಂದ ಸೋಸಿದ ಗಾಳಿ ನಿಲ್ಲದೆ ಬರುತ್ತಿರಬೇಕು.

ಇಲ್ಲಿಯವರೆಗೂ ಸುಲಭ. ಕಷ್ಟವಿರುವುದು ಬೂಷ್ಟನ್ನು ಸರಿಯಾದ ರೀತಿಯಲ್ಲಿ ಉಪವಾಸ ಕೆಡವುವುದರಲ್ಲಿ.

ಸಿಟ್ರಿಕ್ ಆಮ್ಲ ಬೂಷ್ಟಿಗೆ ತ್ಯಾಜ್ಯವಲ್ಲ. ಮನುಷ್ಯನೂ ಸೇರಿದಂತೆ ಉಸಿರಾಡುವ ಜೀವಿಗಳೆಲ್ಲ ಸಕ್ಕರೆಯಿಂದ ಶಕ್ತಿ ಪಡೆಯುವ ದಾರಿಯಲ್ಲಿ ಸಿಟ್ರಿಕ್ ಆಮ್ಲ ಒಂದು ನಿಲ್ದಾಣ. ಈ ದಾರಿಯನ್ನು 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಗುರುತಿಸಿದರು. ಎಲ್ಲ ಸರಿಯಾಗಿದ್ದಾಗ ಜೀವಕೋಶದಲ್ಲಿ ಅದು ಹುಟ್ಟಿದ ಕ್ಷಣದಲ್ಲೇ ಮುಂದಿನ ಪದಾರ್ಥವಾಗಿ ಬದಲಾಗುತ್ತದೆ, ಕೂಡಿಬೀಳುವುದಿಲ್ಲ. ಅದು ಹೆಚ್ಚಾದರೆ ಸಕ್ಕರೆ ಒಡೆಯುವ ಕೆಲಸ ತಾನಾಗಿ ನಿಧಾನವಾಗುವ ವ್ಯವಸ್ಥೆಯೂ ಇದೆ. ಕಾರ್ಖಾನೆ ಮಾಡುವುದು ಈ ಲಗಾಮನ್ನು ಸಡಿಲಿಸುವ ಕೆಲಸ. ಮುಂದೆ ಸಕ್ಕರೆಯ ರಾಶಿ, ಸುತ್ತ ಬೇಕಾದಷ್ಟು ಆಮ್ಲಜನಕ, ಆದರೆ ಹೊಸ ಕೋಶಗಳನ್ನು ಕಟ್ಟಲು ಬೇಕಾದ ಕೆಲವು ಖನಿಜಗಳಿಲ್ಲ. ಬೆಳೆಯಲಾಗದ ಬೂಷ್ಟು ಸಕ್ಕರೆಯನ್ನು ಮಾತ್ರ ಒಡೆಯುತ್ತಲೇ ಹೋಗುತ್ತದೆ. ಕೂಡಿಬಿದ್ದ ಸಿಟ್ರಿಕ್ ಆಮ್ಲವನ್ನು ಹೊರಗೆ ತಳ್ಳುತ್ತದೆ.

ಆ ಖನಿಜಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮ್ಯಾಂಗನೀಸ್. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮ್ಯಾಂಗನೀಸ್ ಇದ್ದರೂ ಇಳುವರಿ ಬೀಳತೊಡಗುತ್ತದೆ. ಲೀಟರಿಗೆ 5 ಮೈಕ್ರೋಗ್ರಾಂ ಎಂದರೆ ನಮ್ಮ ಲಕ್ಷ ಲೀಟರ್ ತೊಟ್ಟಿಗೆ ಬರೀ ಅರ್ಧ ಗ್ರಾಂ. ಹದಿನೈದು ಟನ್ ಸಕ್ಕರೆಯ ಭವಿಷ್ಯ ಅರ್ಧ ಗ್ರಾಂ ಲೋಹದ ಕೈಯಲ್ಲಿರುತ್ತದೆ. ಅದು ಎಲ್ಲಿಂದಲಾದರೂ ಬರಬಹುದು, ಕಾಕಂಬಿಯಿಂದ, ನೀರಿನಿಂದ, ಕಳಪೆ ಉಕ್ಕಿನ ತೊಟ್ಟಿಯ ಗೋಡೆಯಿಂದ. ಹಾಗಾಗಿ ಕಾಕಂಬಿಗೆ ಫೆರೋಸಯನೈಡ್ ಎಂಬ ಲವಣ ಹಾಕಿ ಲೋಹಗಳನ್ನು ತಳಕ್ಕೆ ಕೂರಿಸುತ್ತಾರೆ. ಗ್ಲೂಕೋಸ್ ಪಾಕವನ್ನು ಅಯಾನು ವಿನಿಮಯದ ರಾಳದ ಮೂಲಕ ಹಾಯಿಸಿ ಶುದ್ಧ ಮಾಡುತ್ತಾರೆ.

ತೊಟ್ಟಿ ಸರಿದಾರಿಯಲ್ಲಿದೆಯೇ ಎಂದು ತಿಳಿಯಲು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಸಾಕು. ಮ್ಯಾಂಗನೀಸ್ ಸಿಗದ ಬೂಷ್ಟಿನ ಎಳೆಗಳು ಗಿಡ್ಡವಾಗಿ, ದಪ್ಪವಾಗಿ, ಊದಿಕೊಂಡು, ಒಂದಕ್ಕೊಂದು ಹೆಣೆದು ಗಟ್ಟಿಯಾದ ಸಣ್ಣ ಉಂಡೆಗಳಾಗಿರುತ್ತವೆ. ಮ್ಯಾಂಗನೀಸ್ ಸಿಕ್ಕರೆ ಎಳೆಗಳು ನೀಳವಾಗಿ ನೂಲಿನಂತೆ ಹರಡುತ್ತವೆ, ದ್ರವ ಗಂಜಿಯಂತೆ ದಪ್ಪವಾಗುತ್ತದೆ, ಗಾಳಿ ಒಳಗೆ ಸರಿಯಾಗಿ ಬೆರೆಯುವುದಿಲ್ಲ. ಆಗ ಸಿಗುವುದು ಬೇಕಾದಷ್ಟು ಬೂಷ್ಟು, ಅಲ್ಪಸ್ವಲ್ಪ ಆಮ್ಲ. ಎರಡನೆಯ ಅಪಾಯ ಹುಳಿ ಸಾಲದಿರುವುದು. ಉತ್ಪಾದನೆಯ ಹೊತ್ತಿನಲ್ಲಿ ಪಿಎಚ್ 2ಕ್ಕಿಂತ ಕೆಳಗಿಳಿಯಬೇಕು. ಹಾಗಾಗದಿದ್ದರೆ ಸಕ್ಕರೆ ಗ್ಲುಕಾನಿಕ್ ಆಮ್ಲದ ಕಡೆಗೋ, ಕರಿ ಕಾಲದ ಆ ಹಳೆಯ ಆಕ್ಸಾಲಿಕ್ ಆಮ್ಲದ ಕಡೆಗೋ ತಿರುಗುತ್ತದೆ. ಮೂರನೆಯದು ಗಾಳಿ. ವಿದ್ಯುತ್ ಹೋಗಿ ಸ್ವಲ್ಪ ಹೊತ್ತು ಗಾಳಿ ನಿಂತರೂ ಬೂಷ್ಟು ಸಾಯದಿರಬಹುದು, ಆದರೆ ಆಮ್ಲ ಮಾಡುವ ಶಕ್ತಿ ಆ ತಂಡದಲ್ಲಿ ಮತ್ತೆ ಮರಳುವುದು ಕಷ್ಟ.

ಎಲ್ಲವೂ ಸರಿಹೋದರೆ ಐದರಿಂದ ಎಂಟು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ನೂರು ಕಿಲೋ ಸಕ್ಕರೆಗೆ 80 ಕಿಲೋ ಆಮ್ಲ ಬಂತೆಂದು ಹಿಡಿದರೆ, ನಮ್ಮ ತೊಟ್ಟಿಯ 15 ಟನ್ ಸಕ್ಕರೆ 12 ಟನ್ ಸಿಟ್ರಿಕ್ ಆಮ್ಲವಾಗಿರುತ್ತದೆ. ಹಣ್ಣಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕೋಟಿ ಇಪ್ಪತ್ತು ಲಕ್ಷ ನಿಂಬೆ, ಒಂದೇ ತೊಟ್ಟಿಯಲ್ಲಿ, ಒಂದು ವಾರದಲ್ಲಿ.

ಇನ್ನು ಅದನ್ನು ಹೊರತೆಗೆಯಬೇಕು. ಮೊದಲು ಬೂಷ್ಟಿನ ಉಂಡೆಗಳನ್ನು ಸೋಸಿ ಬೇರೆ ಮಾಡುತ್ತಾರೆ. ಉಳಿದ ಕಂದು ದ್ರವಕ್ಕೆ ಸುಣ್ಣದ ತಿಳಿ ಸೇರಿಸುತ್ತಾರೆ. ಕ್ಯಾಲ್ಸಿಯಂ ಸಿಟ್ರೇಟ್ ತಳಕ್ಕೆ ಕೂರುತ್ತದೆ, ಉಳಿದ ಸಕ್ಕರೆ, ಬಣ್ಣ, ಪ್ರೋಟೀನುಗಳು ನೀರಿನಲ್ಲೇ ಉಳಿದು ತೊಳೆದುಹೋಗುತ್ತವೆ. ಆಮೇಲೆ ಗಂಧಕಾಮ್ಲ. ಶೀಲೆ ನಿಂಬೆರಸಕ್ಕೆ ಮಾಡಿದ್ದನ್ನೇ ಇಲ್ಲಿ ಬೂಷ್ಟಿನ ರಸಕ್ಕೆ ಮಾಡುತ್ತಾರೆ. ಎರಡು ಶತಮಾನ ದಾಟಿದರೂ ಆ ಎರಡು ಹೆಜ್ಜೆಗಳನ್ನು ಬಹಳಷ್ಟು ಕಾರ್ಖಾನೆಗಳು ಬಿಟ್ಟಿಲ್ಲ. ಇದಕ್ಕೆ ತೆರುವ ಬೆಲೆಯೂ ಇದೆ. ರಾಸಾಯನಿಕ ಲೆಕ್ಕದ ಪ್ರಕಾರ 12 ಟನ್ ಸಿಟ್ರಿಕ್ ಆಮ್ಲ ಹೀಗೆ ತೆಗೆದರೆ ಜೊತೆಗೆ ಸುಮಾರು 16 ಟನ್ ಜಿಪ್ಸಮ್ ಹುಟ್ಟುತ್ತದೆ. ಮಾರುವ ಸರಕಿಗಿಂತ ಪಕ್ಕದ ಸರಕೇ ಹೆಚ್ಚು! ಅದನ್ನು ಏನು ಮಾಡುವುದೆಂಬುದು ಈ ಉದ್ಯಮದ ನಿಜವಾದ ಪರಿಸರ ಪ್ರಶ್ನೆ. ಕೊನೆಗೆ ಆಮ್ಲದ ದ್ರಾವಣವನ್ನು ಇದ್ದಿಲಿನ ಮೂಲಕ, ರಾಳದ ಮೂಲಕ ಹಾಯಿಸಿ, ನೀರು ಇಂಗಿಸಿ ಹರಳು ಕಟ್ಟಿಸುತ್ತಾರೆ. ಆಹಾರ ದರ್ಜೆಯ ಹರಳಿನ ಶುದ್ಧತೆ ಶೇಕಡಾ 99.5ಕ್ಕೆ ಕಡಿಮೆಯಿಲ್ಲದಂತೆ ಇರಬೇಕು.

ಕರ್ನಾಟಕಕ್ಕೂ ಈ ಬೂಷ್ಟಿಗೂ ಒಂದು ನಂಟಿದೆ. ಒಣಗಿಸಿ ಸಂಸ್ಕರಿಸುವ ಚೆರ್ರಿ ಕಾಫಿಯ ಹೊಟ್ಟಿನಲ್ಲಿ ಇನ್ನೂ ಸಕ್ಕರೆಯ ಅಂಶ ಉಳಿದಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಆ ಹೊಟ್ಟನ್ನು ನೆನೆಸಿ, ತೊಟ್ಟಿಯೂ ಇಲ್ಲದೆ ದ್ರವವೂ ಇಲ್ಲದೆ, ಅದರ ಮೇಲೆಯೇ ಆಸ್ಪರ್ಜಿಲಸ್ ನೈಜರ್ ಬೆಳೆಸಿ ಸಿಟ್ರಿಕ್ ಆಮ್ಲ ತೆಗೆದು 1994ರಲ್ಲಿ ವರದಿ ಪ್ರಕಟಿಸಿದರು. ಮಲೆನಾಡು, ಕೊಡಗಿನ ಕಾಫಿ ಕಣಗಳ ಪಕ್ಕದಲ್ಲಿ ಗುಡ್ಡೆ ಬೀಳುವ ಹೊಟ್ಟಿಗೆ ಅದು ಒಳ್ಳೆಯ ದಾರಿಯಾಗಿ ಕಂಡಿತ್ತು. ಆದರೆ ಒದ್ದೆ ಹೊಟ್ಟಿನ ರಾಶಿಯಲ್ಲಿ ಬೂಷ್ಟು ಬೆಳೆಯುವಾಗ ಹುಟ್ಟುವ ಬಿಸಿಯನ್ನು ಹೊರಹಾಕುವುದು, ಗಾಳಿಯನ್ನು ಎಲ್ಲೆಡೆ ಸಮನಾಗಿ ಮುಟ್ಟಿಸುವುದು ದ್ರವದ ತೊಟ್ಟಿಗಿಂತ ಬಹಳ ಕಷ್ಟದ ಕೆಲಸ. ಅಗ್ಗದ ಪಿಷ್ಟ ಮತ್ತು ಬೃಹತ್ ತೊಟ್ಟಿಗಳ ಎದುರು ಇಂಥ ದಾರಿಗಳು ನಿಲ್ಲುವುದು ಸುಲಭವಲ್ಲ.

ಹಾಗಾದರೆ ಈ ಹರಳೂ ನಿಂಬೆಯ ಹುಳಿಯೂ ಒಂದೇ ಏನು? ಅಣುವಿನ ಮಟ್ಟದಲ್ಲಿ ಹೌದು. ಆರು ಇಂಗಾಲ, ಎಂಟು ಜಲಜನಕ, ಏಳು ಆಮ್ಲಜನಕದ ಅದೇ ಜೋಡಣೆ. ನಾಲಿಗೆಗೆ, ಹೊಟ್ಟೆಗೆ, ಜೀವಕೋಶಕ್ಕೆ ಅದು ಎಲ್ಲಿಂದ ಬಂತೆಂದು ಗೊತ್ತಾಗುವ ಬಗೆಯಿಲ್ಲ. ಆದರೆ ನಿಂಬೆರಸವೂ ಸಿಟ್ರಿಕ್ ಆಮ್ಲವೂ ಒಂದೇ ಅಲ್ಲ. ನಿಂಬೆಯಲ್ಲಿ ವಿಟಮಿನ್ ಸಿ ಇದೆ, ಪೊಟ್ಯಾಶಿಯಂ ಇದೆ, ಸಿಪ್ಪೆಯ ಎಣ್ಣೆಯ ಪರಿಮಳವಿದೆ. ಹರಳಿನಲ್ಲಿ ಇವು ಯಾವುವೂ ಇಲ್ಲ. ಸಿಟ್ರಿಕ್ ಆಮ್ಲವನ್ನೇ ವಿಟಮಿನ್ ಸಿ ಎಂದುಕೊಳ್ಳುವವರು ಬಹಳ ಜನ. ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಮ್ಲ, ಪೊಟ್ಟಣದ ಮೇಲೆ ಅದರ ಸಂಖ್ಯೆ 300. ಮಗುವಿಗೆ ಶೀತವಾದಾಗ 330 ಇರುವ ಕಿತ್ತಳೆ ಬಣ್ಣದ ಪಾನೀಯ ಕುಡಿಸಿದರೆ ಆ ಸಂಖ್ಯೆಯಿಂದ ಯಾವ ವಿಟಮಿನ್ನೂ ಸೇರುವುದಿಲ್ಲ.

ಬೂಷ್ಟು ಎಂದ ಕೂಡಲೇ ಭಯ ಹುಟ್ಟುತ್ತದೆ, ಅದನ್ನು ತಳ್ಳಿಹಾಕಬೇಕಿಲ್ಲ. ಆಸ್ಪರ್ಜಿಲಸ್ ನೈಜರ್‌ನ ಕೆಲವು ತಳಿಗಳು ಆಕ್ರಾಟಾಕ್ಸಿನ್ ಎಂಬ ವಿಷ ಮಾಡುವುದು ನಿಜ. ಅದಕ್ಕಾಗಿಯೇ ಉದ್ಯಮ ವಿಷ ಮಾಡದ ತಳಿಗಳನ್ನು ಪರೀಕ್ಷಿಸಿ ಆರಿಸಿಕೊಳ್ಳುತ್ತದೆ. ಜೊತೆಗೆ ಸೋಸುವುದು, ಸುಣ್ಣ, ಗಂಧಕಾಮ್ಲ, ಇದ್ದಿಲು, ರಾಳ, ಹರಳುಗಟ್ಟುವಿಕೆ ಇಷ್ಟನ್ನು ದಾಟಿ ಬಂದ ಹರಳಿನಲ್ಲಿ ಬೂಷ್ಟು ಉಳಿಯುವುದಿಲ್ಲ. ಹೀಗೆ ತಯಾರಾದ ಆಮ್ಲ ದಶಕಗಳಿಂದ ಬಳಕೆಯಲ್ಲಿದೆ. ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞ ಸಮಿತಿ ಇದಕ್ಕೆ ದಿನಕ್ಕೆ ಇಷ್ಟೇ ಎಂಬ ಮಿತಿಯನ್ನೂ ಹಾಕಿಲ್ಲ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಪ್ರಬಂಧ, ತಯಾರಿಸಿದ ಸಿಟ್ರಿಕ್ ಆಮ್ಲವಿರುವ ಆಹಾರ ತಿಂದಾಗ ಕೀಲುನೋವು, ಹೊಟ್ಟೆನೋವಿನಂಥ ತೊಂದರೆಯಾಯಿತೆಂದ ನಾಲ್ವರ ಅನುಭವ ದಾಖಲಿಸಿ, ಬೂಷ್ಟಿನ ಅವಶೇಷ ಕಾರಣವಿರಬಹುದೇ ಎಂದು ಕೇಳಿತು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ನಾಲ್ವರ ಹೇಳಿಕೆ ಕಾರಣವನ್ನು ಸಾಬೀತುಮಾಡುವುದಿಲ್ಲ.

ಇದಕ್ಕಿಂತ ಹಳೆಯದಾದ, ಯಾವ ಆಧಾರವೂ ಇಲ್ಲದ ಭಯವೊಂದಿದೆ. ಫ್ರಾನ್ಸ್‌ನಲ್ಲಿ 1976ರಿಂದ ಒಂದು ಕರಪತ್ರ ಕೈಯಿಂದ ಕೈಗೆ ಹರಿದಾಡಿತು. ವಿಲ್‌ಜ್ವಿಫ್ ಊರಿನ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೊತ್ತು ಅದು ಆಹಾರ ಸೇರ್ಪಡೆಗಳ ಪಟ್ಟಿ ಕೊಟ್ಟು, 330 ಎಲ್ಲಕ್ಕಿಂತ ಅಪಾಯಕಾರಿ, ಕ್ಯಾನ್ಸರ್ ತರುತ್ತದೆ ಎಂದು ಎಚ್ಚರಿಸುತ್ತಿತ್ತು. ಆಸ್ಪತ್ರೆ ತಾನು ಬರೆದದ್ದಲ್ಲವೆಂದು ಸಾರಿ ಹೇಳಿದರೂ ನಕಲುಗಳು ನಿಲ್ಲಲಿಲ್ಲ, ಯುರೋಪಿನ ಬೇರೆ ದೇಶಗಳಿಗೂ ಹಬ್ಬಿದವು. ನಿಂಬೆಯಲ್ಲೂ ಮನುಷ್ಯನ ಪ್ರತಿ ಜೀವಕೋಶದಲ್ಲೂ ಇರುವ ಪದಾರ್ಥಕ್ಕೆ ಹೀಗೆ ಹೆದರಿದ ಮನೆಗಳು ಎಷ್ಟೋ.

ನಿಜವಾಗಿ ಎಚ್ಚರ ಬೇಕಾದದ್ದು ಹಲ್ಲಿನ ವಿಷಯದಲ್ಲಿ. ಸುಣ್ಣದ ತಿಳಿಯಲ್ಲಿ ಕ್ಯಾಲ್ಸಿಯಂಗೆ ಅಂಟಿಕೊಳ್ಳುವ ಈ ಆಮ್ಲ ಹಲ್ಲಿನ ಎನಾಮೆಲ್‌ನ ಕ್ಯಾಲ್ಸಿಯಮ್ಮನ್ನೂ ಬಿಡುವುದಿಲ್ಲ. ಹುಳಿ ಮಿಠಾಯಿಯನ್ನು ಬಾಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಚೀಪುವ ಮಕ್ಕಳಿಗೆ, ದಿನವಿಡೀ ಪಾನೀಯವನ್ನು ಗುಟುಕರಿಸುವವರಿಗೆ ಹಲ್ಲು ಸವೆಯುತ್ತದೆ. ಇದಕ್ಕೆ ಬೂಷ್ಟಿನ ಆಮ್ಲವೂ ಒಂದೇ, ನಿಂಬೆಯ ಆಮ್ಲವೂ ಒಂದೇ.

ಮೂಲ ಯಾವುದೆಂಬುದು ಗ್ರಾಹಕರಿಗೆ ಮುಖ್ಯವಾಗುವುದು ಮೋಸ ನಡೆಯುವ ಜಾಗದಲ್ಲಿ. ಮಿಠಾಯಿಯಲ್ಲಿ 330 ಇದ್ದರೆ ಅದು ಮೋಸವಲ್ಲ, ಅದನ್ನು ಪಟ್ಟಿಯಲ್ಲಿ ಹೇಳಿರುತ್ತಾರೆ. ಆದರೆ ‘ಶುದ್ಧ ನಿಂಬೆರಸ’ ಎಂದು ಬಾಟಲಿಯಲ್ಲಿ ಮಾರುವವರು ರಸಕ್ಕೆ ನೀರು ಬೆರೆಸಿ, ಕಡಿಮೆಯಾದ ಹುಳಿಯನ್ನು ಅಗ್ಗದ ಹರಳಿನಿಂದ ತುಂಬಿದರೆ ಅದು ಮೋಸ. ಅಣು ಒಂದೇ ಆಗಿರುವುದರಿಂದ ಹುಳಿಯ ಪ್ರಮಾಣ ಅಳೆದರೆ ಇದು ಸಿಕ್ಕಿಬೀಳುವುದಿಲ್ಲ. ಪ್ರಯೋಗಾಲಯಗಳು ನೋಡುವುದು ಐಸೊಸಿಟ್ರಿಕ್ ಆಮ್ಲವೆಂಬ ಅದರ ಸೋದರನನ್ನು. ನಿಂಬೆರಸದಲ್ಲಿ ಅದು ಬಹಳ ಸ್ವಲ್ಪ ಇರುತ್ತದೆ, ಅದರ ಒಂದು ಪಾಲಿಗೆ ಸಿಟ್ರಿಕ್ ಆಮ್ಲ ನೂರರಿಂದ ಇನ್ನೂರು ಪಾಲು. ಉದಾಹರಣೆಗೆ ಲೀಟರಿಗೆ 48 ಗ್ರಾಂ ಸಿಟ್ರಿಕ್, 0.32 ಗ್ರಾಂ ಐಸೊಸಿಟ್ರಿಕ್ ಇರುವ ರಸದಲ್ಲಿ ಈ ಅನುಪಾತ 150. ಅದಕ್ಕೆ ಸಮಪಾಲು ನೀರು ಬೆರೆಸಿ, ಕಾರ್ಖಾನೆಯ ಹರಳಿನಿಂದ ಮತ್ತೆ 48 ಗ್ರಾಂಗೆ ತಂದರೆ ಹುಳಿ ಮೊದಲಿನಷ್ಟೇ ಆಗುತ್ತದೆ. ಐಸೊಸಿಟ್ರಿಕ್ ಮಾತ್ರ 0.16 ಗ್ರಾಂಗೆ ಇಳಿದಿರುತ್ತದೆ. ಅನುಪಾತ 300ಕ್ಕೆ ಹಾರುತ್ತದೆ, ಕಳ್ಳತನ ಬಯಲಾಗುತ್ತದೆ.

ಇದನ್ನೂ ತಪ್ಪಿಸಿಕೊಳ್ಳಲು ಐಸೊಸಿಟ್ರಿಕ್ ಆಮ್ಲವನ್ನೇ ಕೊಂಡು ಸೇರಿಸುವವರಿದ್ದರೆ, ಆಗ ಇಂಗಾಲದ ಮೊರೆ ಹೋಗಬೇಕು. ಪ್ರಕೃತಿಯ ಇಂಗಾಲದಲ್ಲಿ ಶೇಕಡಾ ಒಂದರಷ್ಟು ಸ್ವಲ್ಪ ಭಾರವಾದ ಬಗೆಯದು. ಕಬ್ಬು ಮತ್ತು ಮುಸುಕಿನ ಜೋಳ ಬಿಸಿಲಿನಲ್ಲಿ ಸಕ್ಕರೆ ಕಟ್ಟುವ ಕ್ರಮ ನಿಂಬೆಗಿಡದ ಕ್ರಮಕ್ಕಿಂತ ಬೇರೆ. ಆದ್ದರಿಂದ ಅವುಗಳ ಸಕ್ಕರೆಯಲ್ಲಿ ಈ ಭಾರದ ಇಂಗಾಲ ಒಂದಿಷ್ಟು ಹೆಚ್ಚಿರುತ್ತದೆ. ಬೂಷ್ಟು ಆ ಸಕ್ಕರೆ ತಿಂದು ಮಾಡಿದ ಆಮ್ಲದಲ್ಲೂ ಆ ಗುರುತು ಉಳಿದಿರುತ್ತದೆ, ಸೂಕ್ಷ್ಮ ಯಂತ್ರಗಳು ಅದನ್ನು ಓದಬಲ್ಲವು. ಕಾರ್ಖಾನೆ ಬಳಸಿದ್ದು ಬೀಟ್ ಸಕ್ಕರೆಯಾದರೆ ಮಾತ್ರ ಈ ಪರೀಕ್ಷೆ ಸೋಲುತ್ತದೆ, ಏಕೆಂದರೆ ಬೀಟ್ ಗಿಡ ನಿಂಬೆಯ ಕ್ರಮವನ್ನೇ ಅನುಸರಿಸುತ್ತದೆ. ಅಂಥ ಮಾದರಿ ಬಂದಾಗ ಪರೀಕ್ಷಕರು ಇಂಗಾಲವನ್ನು ಬಿಟ್ಟು, ಅದೇ ಅಣುವಿನ ಜಲಜನಕದಲ್ಲಿ ಭಾರದ ಬಗೆ ಎಷ್ಟಿದೆಯೆಂದು ಅಳೆಯುತ್ತಾರೆ.